ಹಳೇ ಕಿರ್ದಿಯ ಮಣ, ಸೇರು, ತೊಲಿ: ಕಿಲೋಗೆ ತರುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯ ಅಡತಿ ಅಂಗಡಿಯ ಮನೆಯಲ್ಲಿ ಬೆಳೆದವನು. ಅಜ್ಜನ ಕಾಲದ ಕಿರ್ದಿ, ಖತಾವಣಿ ಪುಸ್ತಕಗಳು ಕೆಂಪು ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲಿದ್ದವು. ಅವನ್ನು ಕಂಪ್ಯೂಟರಿಗೆ ಏರಿಸೋಣ ಅಂತ ಕೂತಾಗ ಮೊದಲ ಪುಟದಲ್ಲೇ ಕೈ ನಿಂತಿತು. ಬೆಲ್ಲ ಇಷ್ಟು ಮಣ ಅಂತ ಬರೆದಿದೆ, ಸರಿ. ಆದರೆ ಯಾವ ಮಣ? ಆಮೇಲೆ ವಿಜಯಪುರ, ಬೈಲಹೊಂಗಲ, ಜಮಖಂಡಿ ಕಡೆಯ ಪರಿಚಯದವರೂ ತಮ್ಮ ಮನೆಯ ಪುಸ್ತಕ ತಂದು ಇದನ್ನೇ ಕೇಳತೊಡಗಿದರು. ಕೆಲವರಿಗೆ ಮನೆತನದ ವ್ಯಾಪಾರದ ಇತಿಹಾಸ ಬರೆಯಬೇಕಿತ್ತು, ಕೆಲವರಿಗೆ ದೇವಸ್ಥಾನದ ಹಳೇ ಲೆಕ್ಕ ಬೇಕಿತ್ತು. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇನೆ.

ಒಂದು ಮಣ ಅಂದ್ರೆ ಎಷ್ಟು ಕಿಲೋ? ಒಂದೇ ಅಂಕಿ ಹೇಳಿಬಿಡಿ.

ಹೇಳಲು ಬರುವುದಿಲ್ಲ. ಒಂದೇ ಅಂಕಿ ಹಿಡಿದು ಲೆಕ್ಕ ಮಾಡಿದವರ ಪುಸ್ತಕಗಳೇ ಹೆಚ್ಚು ಕೆಟ್ಟಿವೆ.

ಸರ್ಕಾರದ ಪಕ್ಕಾ ಮಣ 37.3242 ಕಿಲೋ. 40 ಸೇರಿಗೆ ಒಂದು ಮಣ, 80 ತೊಲಿಗೆ ಒಂದು ಸೇರು. 1939ರ ತೂಕದ ಕಾಯಿದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಾಕಿಕೊಟ್ಟ ಅಳತೆ ಇದು. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದೂ ಇದೇ.

ಆದರೆ ನಮ್ಮ ಭಾಗದ ಪೇಟೆಯಲ್ಲಿ ಬೇರೆ ಮಣಗಳೂ ಓಡಾಡುತ್ತಿದ್ದವು. ಮುಂಬೈ ಮಣ ಅಂದರೆ 28 ಪೌಂಡು, ಅಂದರೆ 12.70 ಕಿಲೋ. ಕಚ್ಚಾ ಮಣದಲ್ಲಿ ಸೇರಿಗೆ 24 ತೊಲಿ ಮಾತ್ರ, ಹೀಗಾಗಿ 40 ಸೇರು ಸೇರಿದರೆ 11.20 ಕಿಲೋ. ಮೈಸೂರು ಸೀಮೆಯಲ್ಲಿ ಈ 24 ರೂಪಾಯಿ ತೂಕದ ಸೇರೇ ಬಳಕೆಯಲ್ಲಿತ್ತು. ಮದ್ರಾಸಿನ ಮಣ 25 ಪೌಂಡು, ಅಂದರೆ 11.34 ಕಿಲೋ.

ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ಆಗ ವಿಜಯಪುರ ಜಿಲ್ಲೆಯೊಳಗೇ ಇತ್ತು. ಮಧ್ಯ ಮಧ್ಯ ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳು. ಮಾಲು ಒಮ್ಮೆ ಸೊಲ್ಲಾಪುರಕ್ಕೆ, ಒಮ್ಮೆ ಸಾಂಗ್ಲಿಗೆ, ಒಮ್ಮೆ ಹುಬ್ಬಳ್ಳಿಗೆ ಹೋಗುತ್ತಿತ್ತು. ಹೀಗಾಗಿ ಒಂದೇ ಅಂಗಡಿಯ ಒಂದೇ ಪುಸ್ತಕದಲ್ಲಿ ಎರಡು ಥರದ ಮಣ ಸಿಗುವುದು ಸಾಮಾನ್ಯ.

ಪಕ್ಕಾ ಮಣಕ್ಕೂ ಕಚ್ಚಾ ಮಣಕ್ಕೂ ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಅದಕ್ಕೇ ಗುಣಿಸುವುದಕ್ಕೆ ಮುಂಚೆ ಯಾವ ಮಣ ಅಂತ ಹಿಡಿಯಬೇಕು. ಅದು ಸಿಕ್ಕರೆ ಉಳಿದದ್ದು ಐದು ನಿಮಿಷದ ಕೆಲಸ.

ಹಾಗಾದ್ರೆ ಯಾವುದನ್ನು ಆಧಾರವಾಗಿ ಹಿಡಿಯಬೇಕು?

ತೊಲಿಯನ್ನು. ಮಣ ಬದಲಾಗುತ್ತೆ, ಸೇರು ಬದಲಾಗುತ್ತೆ, ಆದರೆ ಬ್ರಿಟಿಷರ ಕಾಲದ ಪೇಟೆಯ ತೊಲಿ ಗಟ್ಟಿಯಾಗಿ ನಿಂತಿದೆ. ಒಂದು ತೊಲಿ ಅಂದರೆ 180 ಗ್ರೇನು, 11.6638 ಗ್ರಾಂ. ಅದು ನಿಲ್ಲಲು ಕಾರಣವೂ ಸರಳ. 1835ರಿಂದ 1940ರ ದಶಕದ ನಡುವಿನ ತನಕ ಬೆಳ್ಳಿ ರೂಪಾಯಿಯ ತೂಕ ಇಷ್ಟೇ ಇತ್ತು. ಅಂಗಡಿಯವನಿಗೆ ಕಲ್ಲಿನ ಮೇಲೆ ಅನುಮಾನ ಬಂದರೆ ತಕ್ಕಡಿಯ ಇನ್ನೊಂದು ತಟ್ಟೆಗೆ ರೂಪಾಯಿ ಸುರಿದು ನೋಡುತ್ತಿದ್ದ. "24 ರೂಪಾಯಿ ತೂಕದ ಸೇರು" ಅನ್ನುವ ಮಾತು ಹುಟ್ಟಿದ್ದು ಹಾಗೆ.

ಆದ್ದರಿಂದ ನಾನು ಯಾವ ಪುಸ್ತಕ ಹಿಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಮಣಕ್ಕೆ ಎಷ್ಟು ಸೇರು? ಈ ಸೇರಿಗೆ ಎಷ್ಟು ತೊಲಿ? ಎರಡೂ ಸಿಕ್ಕ ಮೇಲೆ ಎಲ್ಲವನ್ನೂ ತೊಲಿಗೆ ಇಳಿಸಿ, 0.0116638ರಿಂದ ಗುಣಿಸಿದರೆ ಕಿಲೋ ಬರುತ್ತೆ. ಪಕ್ಕಾ ಸೇರು 80 ತೊಲಿ, ಅಂದರೆ 0.9331 ಕಿಲೋ. ಕಚ್ಚಾ ಸೇರು 24 ತೊಲಿ, ಅಂದರೆ 280 ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ಮುಂಬೈ, ಮದ್ರಾಸಿನ ಮಣಕ್ಕೆ ಮಾತ್ರ ಪೌಂಡಿನಿಂದ ಹೊರಡುವುದು ಸುಲಭ. ಒಂದು ಪೌಂಡು 0.4536 ಕಿಲೋ.

ನಮ್ಮ ಪುಸ್ತಕದ ಮಣ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲೂ "ಕಚ್ಚಾ" ಅಂತಲೋ "ಪಕ್ಕಾ" ಅಂತಲೋ ಬರೆದಿಲ್ಲ.

ಬರೆದಿರುವುದಿಲ್ಲ. ಬರೆಯುವವನಿಗೂ ಓದುವವನಿಗೂ ಆಗ ಅದು ಗೊತ್ತಿದ್ದ ಮಾತು. ಪುಸ್ತಕದ ಒಳಗಿನಿಂದಲೇ ಅದನ್ನು ಹೊರಗೆ ತೆಗೆಯಬೇಕು. ಒಂದು ಮಾದರಿ ಸಾಲು ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ.

ಬೆಲ್ಲದ ಸಾಲು ಅಂದುಕೊಳ್ಳಿ. ಪೆಂಟಿ 12. ತೂಕ 31 ಮಣ 18 ಸೇರು. ದರ ರೂ. 5-4-0. ಒಟ್ಟು ರೂ. 165-1-9.

ಮೊದಲು ಹಣದ ಕಡೆಯಿಂದ ನೋಡಿ. 5 ರೂಪಾಯಿ 4 ಆಣೆ ಅಂದರೆ 5.25 ರೂಪಾಯಿ. ಮಣಕ್ಕೆ 40 ಸೇರು ಅಂತ ಇಟ್ಟುಕೊಂಡರೆ 18 ಸೇರು ಅಂದರೆ 0.45 ಮಣ. 31.45ನ್ನು 5.25ರಿಂದ ಗುಣಿಸಿದರೆ 165.1125. ಪೂರ್ತಿ 165 ರೂಪಾಯಿ ತೆಗೆದು ಉಳಿದದ್ದನ್ನು 16ರಿಂದ ಗುಣಿಸಿ: 1.8 ಆಣೆ. ಆ 0.8 ಆಣೆಯನ್ನು 12ರಿಂದ ಗುಣಿಸಿದರೆ 9 ಪೈಗಿಂತ ಸ್ವಲ್ಪ ಜಾಸ್ತಿ. ಪುಸ್ತಕದಲ್ಲಿ 165-1-9 ಇದೆ. ಕೂಡಿತು! ಹಾಗಾಗಿ ಮಣಕ್ಕೆ 40 ಸೇರು ಅನ್ನುವುದು ಗಟ್ಟಿ, ದರ ಮಣಕ್ಕೆ ಅನ್ನುವುದೂ ಗಟ್ಟಿ.

ಆದರೆ ಹಣದ ಲೆಕ್ಕ ಇಷ್ಟರವರೆಗೇ ಬರುತ್ತೆ. ಸೇರು ದೊಡ್ಡದಿದ್ದರೂ ಸಣ್ಣದಿದ್ದರೂ ಈ ಗುಣಾಕಾರ ಹೀಗೇ ಕೂಡುತ್ತದಲ್ವಾ? ಸೇರಿನ ಗಾತ್ರ ಹಿಡಿಯಲು ಮಾಲನ್ನೇ ನೋಡಬೇಕು.

12 ಪೆಂಟಿ ಇವೆ. ಪಕ್ಕಾ ಮಣ ಅಂದುಕೊಂಡರೆ ಒಟ್ಟು 1,174 ಕಿಲೋ ಆಗುತ್ತೆ. ಒಂದೊಂದು ಪೆಂಟಿ ಸುಮಾರು 98 ಕಿಲೋ. ಅಷ್ಟು ದೊಡ್ಡ ಬೆಲ್ಲದ ಪೆಂಟಿಯನ್ನು ಯಾವ ಗಾಣದವನೂ ಹಾಕಲಾರ. ಪಕ್ಕಾ ಮಣ ಅಲ್ಲಿಗೆ ಬಿದ್ದುಹೋಯಿತು. ಮುಂಬೈ ಮಣ ಹಿಡಿದರೆ ಪೆಂಟಿಗೆ 33.3 ಕಿಲೋ. 24 ತೊಲಿಯ ಕಚ್ಚಾ ಸೇರು ಹಿಡಿದರೆ ಪೆಂಟಿಗೆ 29.3 ಕಿಲೋ. ಎರಡೂ ನಂಬುವಂತೆಯೇ ಇವೆ. ಪೆಂಟಿ ನೋಡಿ ಇನ್ನು ಮುಂದೆ ಹೋಗಲು ಆಗಲ್ಲ.

ಇಲ್ಲಿ ಕೈ ಹಿಡಿಯುವುದು ರೈಲ್ವೆ ರಸೀದಿ. ಯಾಕೆಂದರೆ ರೈಲ್ವೆಯವರು ಊರೂರಿನ ಮಣ ಒಪ್ಪುತ್ತಿರಲಿಲ್ಲ. ಅವರದ್ದು ಯಾವಾಗಲೂ ಪಕ್ಕಾ ಮಣ, ಇಂಗ್ಲಿಷ್ ಲೆಕ್ಕದಲ್ಲಿ 82 ಪೌಂಡು ಮತ್ತು ಏಳನೇ ಎರಡು ಪಾಲು. ಇದೇ 12 ಪೆಂಟಿಯ ರಸೀದಿ ಆ ಪುಟದ ನಡುವೆ ಮಡಚಿ ಇಟ್ಟಿದೆ, ಅದರಲ್ಲಿ 9 ಮಣ 20 ಸೇರು ಅಂತ ಇದೆ ಅಂದುಕೊಳ್ಳಿ. ಕಚ್ಚಾ ಮಣದ ಲೆಕ್ಕಕ್ಕೆ 31.45 ಮಣ ಅಂದರೆ 352 ಕಿಲೋ, ಅದು ಪಕ್ಕಾದಲ್ಲಿ 9 ಮಣ 17 ಸೇರು ಚಿಲ್ಲರೆ. ಮುಂಬೈ ಮಣದ ಲೆಕ್ಕಕ್ಕೆ 399 ಕಿಲೋ, ಅದು 10 ಮಣ 28 ಸೇರು. ರಸೀದಿ ಕಚ್ಚಾ ಮಣದ ಪಕ್ಕದಲ್ಲೇ ನಿಂತಿದೆ. ಎರಡೂವರೆ ಸೇರು ಹೆಚ್ಚು ಬಂದದ್ದು ಬಾರದಾನದ್ದು. ಪೆಂಟಿಗೆ ಸುತ್ತಿದ ತಟ್ಟು, ಹಗ್ಗ ಎಲ್ಲ ಸೇರಿ ಪೆಂಟಿಗೆ 200 ಗ್ರಾಂ ಬಿತ್ತು. ಅದು ಸಹಜ. ರಸೀದಿಯ ತೂಕ ಪುಸ್ತಕದ ತೂಕಕ್ಕಿಂತ ಕಡಿಮೆ ಬಂದಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ಹೀಗೆ ಒಂದೇ ಸಾಲಿನಿಂದ ತೀರ್ಮಾನ ಮಾಡಬೇಡಿ. ಅದೇ ಮಾಲಿನ ಬೇರೆ ತಿಂಗಳ ನಾಲ್ಕೈದು ಸಾಲು ಇದೇ ರೀತಿ ನೋಡಿ. ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಿದರೆ ಆ ಮಾಲಿಗೆ, ಆ ಪುಸ್ತಕಕ್ಕೆ ಆ ಮಣ. ಮುಂದಿನ ಪುಟದ ಶೇಂಗಾಕ್ಕೋ ಮೆಣಸಿನಕಾಯಿಗೋ ಅದೇ ಅಂತ ಅಂದುಕೊಳ್ಳುವಂತಿಲ್ಲ. ಮಾಲು ಬದಲಾದರೆ ಮತ್ತೆ ನೋಡಬೇಕು.

ಒಂದು ಸುಲಭದ ಗುರುತು ಹೇಳುತ್ತೇನೆ. 24 ತೊಲಿಯ ಕಚ್ಚಾ ಮಣ ಮತ್ತು ಪಕ್ಕಾ ಮಣಕ್ಕೆ ಸಂಬಂಧ ನೇರ ಇದೆ. 10 ಕಚ್ಚಾ ಮಣ ಸೇರಿದರೆ ಸರಿಯಾಗಿ 3 ಪಕ್ಕಾ ಮಣ. ಪುಸ್ತಕದಲ್ಲಿ 50 ಮಣ ಇದ್ದು ರಸೀದಿಯಲ್ಲಿ 15 ಮಣದ ಆಸುಪಾಸು ಇದ್ದರೆ ಕ್ಯಾಲ್ಕ್ಯುಲೇಟರ್ ಬೇಕಾಗುವುದಿಲ್ಲ.

ರೈಲ್ವೆ ರಸೀದಿ ಉಳಿದಿಲ್ಲ. ಬೇರೆ ದಾರಿ?

ಮನೆಯ ಹಳೇ ತೂಕದ ಕಲ್ಲುಗಳನ್ನು ಹುಡುಕಿ. ಅಟ್ಟದ ಮೇಲೆ, ಹಗೇವಿನ ಪಕ್ಕ, ಒಮ್ಮೊಮ್ಮೆ ಬಾಗಿಲಿಗೆ ಅಡ್ಡ ಇಟ್ಟ ಕಬ್ಬಿಣದ ಗುಂಡು ಅದೇ ಆಗಿರುತ್ತೆ. ಅದನ್ನು ಇವತ್ತಿನ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಡಿ. ಐದು ಸೇರಿನ ಕಲ್ಲು ಅಂತ ಮನೆಯವರು ಹೇಳುವುದು 4.66 ಕಿಲೋದ ಹತ್ತಿರ ತೂಗಿದರೆ ಪಕ್ಕಾ. 1.4 ಕಿಲೋದ ಹತ್ತಿರ ಬಂದರೆ ಕಚ್ಚಾ. ಮಧ್ಯದ ಅಂಕಿ, ಅಂದರೆ 1.6 ಕಿಲೋದ ಹತ್ತಿರ ಬಂದರೆ ಮುಂಬೈ ಮಣದ ಸೇರು. ತುಕ್ಕು ಹಿಡಿದ ಕಲ್ಲು ಸ್ವಲ್ಪ ಆಚೀಚೆ ಆಗುತ್ತೆ, ಆದರೆ ಈ ಮೂರು ಅಂಕಿಗಳ ನಡುವಿನ ಅಂತರ ತುಕ್ಕಿನಿಂದ ಬರುವಂಥದ್ದಲ್ಲ.

ಕಲ್ಲೂ ಇಲ್ಲದಿದ್ದರೆ ಎಣಿಸಬಹುದಾದ ಮಾಲನ್ನು ಹಿಡಿಯಿರಿ. ಚೀಲ, ಪೆಂಟಿ, ಡಬ್ಬಿ, ಹೀಗೆ. ಎಷ್ಟು ಚೀಲಕ್ಕೆ ಎಷ್ಟು ಮಣ ಅಂತ ನೋಡಿ. ಜೋಳದ ತುಂಬಿದ ಚೀಲ ಒಂದಕ್ಕೆ ಎರಡೂವರೆ ಮಣ ಬಿದ್ದರೆ ಅದು ಪಕ್ಕಾ ಮಣವೇ, ಸುಮಾರು 93 ಕಿಲೋ. ಏಳೆಂಟು ಮಣ ಬಿದ್ದರೆ ಸಣ್ಣ ಮಣ. ಇದು ಪಕ್ಕಾ ಹೌದೋ ಅಲ್ಲವೋ ಅಂತ ಹೇಳುತ್ತೆ. ಸಣ್ಣ ಮಣಗಳಲ್ಲಿ ಕಚ್ಚಾ ಯಾವುದು, ಮುಂಬೈ ಯಾವುದು ಅಂತ ಬೇರ್ಪಡಿಸಲು ಇದು ಸಾಲದು. ಅಂಥ ಕಡೆ ಎರಡೂ ಅಂಕಿ ಬರೆದಿಡಿ, ಒಂದನ್ನು ಸುಮ್ನೆ ಆರಿಸಬೇಡಿ.

17 ಮಣ 23 ಸೇರನ್ನು ಎಕ್ಸೆಲ್‌ನಲ್ಲಿ 17.23 ಅಂತ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ನಾನು ನೋಡಿದ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು, ಮತ್ತು ಇದು ಕಣ್ಣಿಗೆ ಬೀಳುವುದೇ ಇಲ್ಲ. ಮಣಕ್ಕೆ 40 ಸೇರು, ನೂರಲ್ಲ. 23 ಸೇರು ಅಂದರೆ ಅರ್ಧ ಮಣಕ್ಕಿಂತ ಜಾಸ್ತಿ. ಆದರೆ 17.23 ಅಂತ ಹಾಕಿದರೆ ಕಂಪ್ಯೂಟರು ಅದನ್ನು ಕಾಲು ಮಣಕ್ಕಿಂತ ಕಡಿಮೆ ಅಂತ ತಿಳಿಯುತ್ತೆ.

ಪುಸ್ತಕದಲ್ಲಿ 17 ಮಣ 23 ಸೇರು 5 ಛಟಾಕು ಇದೆ, ಪಕ್ಕಾ ತೂಕ ಅಂತ ಇಟ್ಟುಕೊಳ್ಳಿ. ಸರಿಯಾದ ಲೆಕ್ಕ 656.26 ಕಿಲೋ. 17.23 ಅಂತ ಹಾಕಿದರೆ 643.10 ಕಿಲೋ. ಒಂದೇ ಸಾಲಿನಲ್ಲಿ 13 ಕಿಲೋ ಹೋಯಿತು! ಇನ್ನೂ ಕೆಟ್ಟದ್ದು ಏನೆಂದರೆ ಎಲ್ಲ ಸಾಲಿನಲ್ಲೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ. 2 ಸೇರಿದ್ದ ಸಾಲಿನಲ್ಲಿ ಒಂದು ಕಿಲೋ ಹೋಗುತ್ತೆ, 38 ಸೇರಿದ್ದ ಸಾಲಿನಲ್ಲಿ 21 ಕಿಲೋ ಹೋಗುತ್ತೆ. ಆಮೇಲೆ ಒಟ್ಟು ಮೊತ್ತದಲ್ಲಿ ಸರಿಮಾಡಲು ಬರುವುದಿಲ್ಲ.

ಇಂಥ ಶೀಟು ಕೈಗೆ ಬಂದರೆ ಒಂದು ಗುರುತಿನಿಂದ ಹಿಡಿಯಬಹುದು. ತೂಕದ ಕಾಲಂನಲ್ಲಿ ಚುಕ್ಕಿಯ ಮುಂದಿನ ಅಂಕಿ ಎಲ್ಲೂ 39 ದಾಟಿಲ್ಲ ಅಂದರೆ ಅದು ದಶಮಾಂಶ ಅಲ್ಲ, ಸೇರು.

ಹಾಗಾದ್ರೆ ಶೀಟಿನಲ್ಲಿ ಹೇಗೆ ಹಾಕಬೇಕು?

ಮಣ, ಸೇರು, ತೊಲಿ ಮೂರಕ್ಕೂ ಬೇರೆ ಬೇರೆ ಕಾಲಂ ಕೊಡಿ. ಪಕ್ಕದಲ್ಲಿ ಇನ್ನೆರಡು ಕಾಲಂ: ಮಣಕ್ಕೆ ಎಷ್ಟು ಸೇರು, ಸೇರಿಗೆ ಎಷ್ಟು ತೊಲಿ. ಪಕ್ಕಾ ಲೆಕ್ಕದಲ್ಲಿ ಛಟಾಕು ಇದ್ದರೆ ಅದನ್ನು 5ರಿಂದ ಗುಣಿಸಿ ತೊಲಿಯ ಕಾಲಂಗೆ ಹಾಕಿ. 16 ಛಟಾಕಿಗೆ ಒಂದು ಸೇರು, ಛಟಾಕಿಗೆ 5 ತೊಲಿ.

```
=(A2*D2*E2 + B2*E2 + C2)*0.0116638
```

ಇಲ್ಲಿ A ಮಣ, B ಸೇರು, C ತೊಲಿ. D ಮಣದ ಸೇರುಗಳು, E ಸೇರಿನ ತೊಲಿಗಳು. ಮೇಲಿನ ಸಾಲನ್ನೇ ಹಾಕಿ ನೋಡಿ: 17, 23, 25, 40, 80. ಒಟ್ಟು 56,265 ತೊಲಿ, ಅದು 656.26 ಕಿಲೋ ಬರಬೇಕು. ಬಂದರೆ ಸೂತ್ರ ಸರಿ ಇದೆ.

ಈ ರೀತಿ ಮಾಡಿದರೆ ಒಂದು ದೊಡ್ಡ ಅನುಕೂಲ ಇದೆ. ನಾಳೆ "ಇದು ಪಕ್ಕಾ ಅಲ್ಲ, ಕಚ್ಚಾ" ಅಂತ ಗೊತ್ತಾದರೆ E ಕಾಲಂನಲ್ಲಿ 80 ಇದ್ದದ್ದನ್ನು 24 ಮಾಡಿದರೆ ಸಾಕು. ಇಡೀ ಪುಸ್ತಕ ಮತ್ತೆ ಟೈಪ್ ಮಾಡಬೇಕಿಲ್ಲ. ಸಾಲು ಸಾಲಿಗೂ ಕಿಲೋವನ್ನು ಪೂರ್ಣಾಂಕ ಮಾಡಬೇಡಿ. ಕೂಡಿದ ಮೇಲೆ ಕೊನೆಗೆ ಒಂದೇ ಸಲ ಮಾಡಿ.

ಅಂಕಿಯ ಪಕ್ಕ ಉದ್ದನೆ ಗೆರೆಗಳಿವೆ. ಅದು 1 ಅಂತಾನಾ?

ಅಲ್ಲ. ಹಳೇ ಲೆಕ್ಕದಲ್ಲಿ ಒಂದು ನೆಟ್ಟಗಿನ ಗೆರೆ ಅಂದರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. "31।" ಅಂತ ಕಂಡರೆ ಅದು ಮೂವತ್ತೊಂದೂ ಕಾಲು, ಮುನ್ನೂರ ಹನ್ನೊಂದಲ್ಲ. ಬೆಳಗಾವಿ ಕಡೆಯ ಮೋಡಿ ಲಿಪಿಯ ಪುಸ್ತಕಗಳಲ್ಲೂ ಕನ್ನಡದ ಪುಸ್ತಕಗಳಲ್ಲೂ ಈ ರೂಢಿ ಇದೆ. ಅನುಮಾನ ಬಂದಾಗ ದರದಿಂದ ಗುಣಿಸಿ ಒಟ್ಟು ಹಣಕ್ಕೆ ಕೂಡುತ್ತದಾ ನೋಡಿ. ಓದಿನ ತಪ್ಪು ಹಣದಲ್ಲಿ ಕೂಡಲೇ ಸಿಕ್ಕಿಬೀಳುತ್ತೆ.

ಸೇರು ಅಂದ್ರೆ ಹತ್ತಿರ ಹತ್ತಿರ ಕಿಲೋನೇ ಅಲ್ವಾ? ಹಾಗೇ ಹಿಡಿದರೆ ಏನಾಗುತ್ತೆ?

ಪಕ್ಕಾ ಸೇರಾದರೆ ನೂರಕ್ಕೆ ಏಳರಷ್ಟು ಜಾಸ್ತಿ ಬರೆದ ಹಾಗಾಗುತ್ತೆ. 100 ಮಣದ ಮಾಲಿಗೆ 268 ಕಿಲೋ ಇಲ್ಲದ ಮಾಲು ಹುಟ್ಟಿಕೊಳ್ಳುತ್ತೆ. ಕಚ್ಚಾ ಸೇರಾದರೆ ಮೂರೂವರೆ ಪಟ್ಟು ಆಗುತ್ತೆ. ನಮ್ಮ ಬಳಗದಲ್ಲೇ ಒಂದು ಮನೆಯಲ್ಲಿ ಹೀಗೆ ಮಾಡಿ ಹಳೇ ದಾಸ್ತಾನಿನ ಲೆಕ್ಕ ತಯಾರಾಗಿತ್ತು. ಅಷ್ಟು ಬೆಲ್ಲ ಎಲ್ಲಿ ಹೋಯಿತು ಅಂತ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಿತು. ಬೆಲ್ಲ ಎಲ್ಲೂ ಹೋಗಿರಲಿಲ್ಲ. ಅದು ಇರಲೇ ಇಲ್ಲ.

ಜೋಳ, ಗೋದಿಯನ್ನು ಸೇರು, ಪಾಯಲಿ ಲೆಕ್ಕದಲ್ಲಿ ಬರೆದಿದ್ದಾರೆ. ಅದಕ್ಕೂ 0.9331 ಹಾಕೋದಾ?

ಹಾಕಬೇಡಿ. ಇದು ತೂಕದ ಸೇರಲ್ಲ, ಅಳತೆಯ ಸೇರು. ಹೆಸರು ಒಂದೇ, ವಸ್ತು ಬೇರೆ. ಕಾಳನ್ನು ಪಾತ್ರೆಯಲ್ಲಿ ತುಂಬಿ ಅಳೆಯುತ್ತಿದ್ದರು, ತಕ್ಕಡಿಗೆ ಹಾಕುತ್ತಿರಲಿಲ್ಲ. ಗಿದ್ನ, ಪಾವು, ಅಚ್ಚೇರು, ಸೇರು, ಪಾಯಲಿ ಅಂತ ಜೊತೆಯಲ್ಲಿ ಬಂದಿದ್ದರೆ ಅದು ಅಳತೆ ಅಂತಲೇ ತಿಳಿಯಿರಿ. ಮಣ, ಛಟಾಕು, ತೊಲಿಯ ಜೊತೆ ಬಂದಿದ್ದರೆ ತೂಕ ಇರಬಹುದು. ಪಾವು ಮತ್ತು ಛಟಾಕು ಕೆಲವು ಕಡೆ ಎರಡರಲ್ಲೂ ಬರುತ್ತವೆ, ಆಗ ಯಾವ ಮಾಲು ಅಂತ ನೋಡಿ.

ಅಳತೆಯ ಸೇರಿಗೆ ಒಂದೇ ಕಿಲೋ ಅಂಕಿ ಇರಲು ಸಾಧ್ಯವಿಲ್ಲ. ಒಂದೇ ಪಾಯಲಿಯಲ್ಲಿ ಜೋಳ ತುಂಬಿದರೆ ಒಂದು ತೂಕ, ಸುಲಿಯದ ಶೇಂಗಾ ತುಂಬಿದರೆ ಅದರ ಅರ್ಧವೂ ಇಲ್ಲ. ಮೇಲೆ ಗೋಪುರ ಬರುವಂತೆ ಸುರಿದರೋ, ಅಂಚಿನ ಮಟ್ಟಕ್ಕೆ ಕೈಯಿಂದ ಎಳೆದರೋ ಅನ್ನುವುದೂ ಲೆಕ್ಕಕ್ಕೆ ಬರುತ್ತೆ.

ಮನೆಯಲ್ಲಿ ಹಳೇ ಪಾಯಲಿಯೋ ಸೇರೋ ಉಳಿದಿದ್ದರೆ ಕೆಲಸ ಸುಲಭ. ಹಿರಿಯರು ಅಳೆಯುತ್ತಿದ್ದ ಹಾಗೇ ಜೋಳ ತುಂಬಿಸಿ, ಚೆನ್ನಾಗಿ ಒಣಗಿದ ಜೋಳವೇ ಇರಲಿ. ತೂಗಿ. ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ. ಆ ಮನೆಯ ಪುಸ್ತಕಕ್ಕೆ, ಜೋಳದ ಸಾಲಿಗೆ ಮಾತ್ರ ಆ ಅಂಕಿ. ಗೋದಿಗೆ, ಕಡಲೆಗೆ ಮತ್ತೆ ಬೇರೆ ತೂಗಬೇಕು. ಇದನ್ನು ಅಜ್ಜಿ ಇರುವಾಗಲೇ ಮಾಡಿಬಿಡಿ. ಗೋಪುರ ಎಷ್ಟು ಎತ್ತರ ಬರುತ್ತಿತ್ತು ಅಂತ ಅವರ ಕೈಗೆ ಗೊತ್ತಿರುತ್ತೆ, ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಪಾತ್ರೆ ಇಲ್ಲ ಅಂದರೆ ಕಿಲೋಗೆ ತರಬೇಡಿ. "ಇಷ್ಟು ಪಾಯಲಿ, ಅಳತೆ" ಅಂತ ಹಾಗೇ ಬಿಡಿ.

ಹತ್ತಿಯ ಖಂಡಿ ಎಷ್ಟು? ಎರಡು ಅಂಕಿ ಸಿಗುತ್ತಿವೆ.

ಎರಡೂ ನಿಜ. ಸಾಮಾನ್ಯ ಮುಂಬೈ ಖಂಡಿ 20 ಮಣ, ಅಂದರೆ 560 ಪೌಂಡು, 254 ಕಿಲೋ. ಹತ್ತಿಯ ಖಂಡಿ ಮಾತ್ರ 28 ಮಣ. 28 ಪೌಂಡಿನ 28 ಮಣ ಅಂದರೆ 784 ಪೌಂಡು, 355.62 ಕಿಲೋ. ಇದು ಈಗಲೂ ಸತ್ತಿಲ್ಲ. ಇವತ್ತಿಗೂ ಹತ್ತಿ ವ್ಯಾಪಾರದಲ್ಲಿ ಖಂಡಿಯ ದರ ಅಂದರೆ 355.62 ಕಿಲೋದ ದರವೇ.

ಒಂದು ಎಚ್ಚರ. ಈ ದರ ಅರಳೆಗೆ, ಬೀಜ ತೆಗೆದ ಮೇಲಿನದ್ದಕ್ಕೆ. ರೈತ ತಂದ ಬೀಜದ ಹತ್ತಿಗೂ ಜಿನ್ನಿನಿಂದ ಹೊರಬಂದ ಅರಳೆಗೂ ಪುಸ್ತಕದಲ್ಲಿ ಬರೀ "ಹತ್ತಿ" ಅಂತ ಬರೆದಿರುವುದುಂಟು. ಒಂದೇ ವಾರದಲ್ಲಿ ದರ ಎರಡು ಮೂರು ಪಟ್ಟು ಏರಿದ ಹಾಗೆ ಕಂಡರೆ ಪೇಟೆ ಏರಿದ್ದಲ್ಲ, ಮಾಲು ಬದಲಾಗಿದ್ದು.

1958ರಿಂದ 1962ರ ನಡುವಿನ ಪುಸ್ತಕಗಳಲ್ಲಿ ಎಲ್ಲವೂ ಕಲಸಿಹೋಗಿದೆ. ಯಾಕೆ?

ಮೆಟ್ರಿಕ್ ಕಾಯಿದೆ ಆದದ್ದು 1956ರ ಕೊನೆಗೆ. ಕಿಲೋ ತೂಕ ಒಂದೇ ದಿನ ಎಲ್ಲ ಕಡೆ ಬರಲಿಲ್ಲ. 1958ರ ಅಕ್ಟೋಬರಿನಿಂದ ಆಯ್ದ ಪ್ರದೇಶ, ಆಯ್ದ ವ್ಯಾಪಾರದಲ್ಲಿ ಶುರುವಾಗಿ, 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾಯಿತು. ಹಣ ಮಾತ್ರ ಅದಕ್ಕೂ ಮುಂಚೆ, 1957ರ ಏಪ್ರಿಲ್ 1ಕ್ಕೇ ನಯಾ ಪೈಸೆಗೆ ಬಂದಿತ್ತು. ಹೀಗಾಗಿ ಈ ಪುಸ್ತಕಗಳಲ್ಲಿ ತೂಕ ಮಣದಲ್ಲಿ, ಹಣ ನಯಾ ಪೈಸೆಯಲ್ಲಿ ಇರುತ್ತೆ. ಕೆಲವರು ಹಣವನ್ನೂ ಅಭ್ಯಾಸಬಲದಿಂದ ಆಣೆಯಲ್ಲೇ ಬರೆದಿದ್ದಾರೆ.

ಈ ನಾಲ್ಕು ವರ್ಷದ ಪುಸ್ತಕವನ್ನು ಸಾಲು ಸಾಲಾಗಿಯೇ ನೋಡಬೇಕು. ದರವೇ ಇಲ್ಲಿ ದಾರಿ ತೋರಿಸುತ್ತೆ. ಒಂದು ಪುಟದಿಂದ ಇನ್ನೊಂದಕ್ಕೆ ದರ ಏಕಾಏಕಿ 2.7ರಷ್ಟು ಪಟ್ಟು ಏರಿದರೆ ಪಕ್ಕಾ ಮಣದಿಂದ ಕ್ವಿಂಟಲಿಗೆ ಬಂದಿದ್ದಾರೆ. ಒಂಬತ್ತು ಪಟ್ಟಿನ ಹತ್ತಿರ ಏರಿದರೆ ಕಚ್ಚಾ ಮಣದಿಂದ ಕ್ವಿಂಟಲಿಗೆ ಬಂದಿದ್ದಾರೆ. ಆ ಪುಟ ಸಿಕ್ಕರೆ ನಿಮ್ಮ ಪುಸ್ತಕದ ಮಣ ಯಾವುದು ಅನ್ನುವುದಕ್ಕೂ ಉತ್ತರ ಸಿಕ್ಕ ಹಾಗೆ. ನನಗೆ ಅತಿ ಖುಷಿ ಕೊಡುವ ಪುಟಗಳು ಇವೇ.

ಹಳೇ ದರವನ್ನು ಕ್ವಿಂಟಲಿಗೆ ಹೇಗೆ ತರೋದು?

ಮೊದಲು ಆಣೆ ಪೈಯನ್ನು ದಶಮಾಂಶಕ್ಕೆ ತನ್ನಿ. ಆಣೆಯನ್ನು 16ರಿಂದ, ಪೈಯನ್ನು 192ರಿಂದ ಭಾಗಿಸಿ ರೂಪಾಯಿಗೆ ಕೂಡಿಸಿ. ಆಮೇಲೆ 100ರಿಂದ ಗುಣಿಸಿ, ಆ ಮಣದ ಕಿಲೋದಿಂದ ಭಾಗಿಸಿ. ನಮ್ಮ ಬೆಲ್ಲದ ದರ 5.25, ಮಣ 11.197 ಕಿಲೋ. ಕ್ವಿಂಟಲಿಗೆ ಸುಮಾರು 46 ರೂಪಾಯಿ 89 ಪೈಸೆ. ಅದನ್ನೇ ಪಕ್ಕಾ ಮಣ ಅಂತ ತಪ್ಪಾಗಿ ಹಿಡಿದಿದ್ದರೆ 14 ರೂಪಾಯಿ ಆಗುತ್ತಿತ್ತು. ಬೆಲ್ಲದ ಇತಿಹಾಸ ಬರೆಯುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಬಂಗಾರದ ತೊಲಿ ಎಷ್ಟು? ಸರಾಫರು 10 ಗ್ರಾಂ ಅಂತಾರೆ.

ಇವತ್ತಿನ ಮಾತಿನಲ್ಲಿ ತೊಲಿ ಅಂದರೆ 10 ಗ್ರಾಂ ಅಂತಲೇ ಆಗಿಹೋಗಿದೆ. ಹಳೇ ಕಾಗದದ ತೊಲಿ 11.664 ಗ್ರಾಂ. ಅಜ್ಜಿಯ ಮದುವೆ ಯಾದಿಯಲ್ಲಿ 5 ತೊಲಿ ಅಂತಿದ್ದರೆ ಅದು 58.32 ಗ್ರಾಂ, 50 ಅಲ್ಲ. ತೊಲಿಯ ಕೆಳಗೆ ಮಾಸಿ, ಗುಂಜಿ ಬರುತ್ತವೆ: 12 ಮಾಸಿಗೆ ಒಂದು ತೊಲಿ, 8 ಗುಂಜಿಗೆ ಒಂದು ಮಾಸಿ. ಯಾದಿಯಲ್ಲಿ ಮಾಸಿ, ಗುಂಜಿ ಇದ್ದರೆ ಅದು ಹಳೇ ತೊಲಿ ಅನ್ನುವುದಕ್ಕೆ ಬಲವಾದ ಗುರುತು.

ಈಗಿನ ಬಿಲ್ಲಿನಲ್ಲಿ ಮಣ, ತೊಲಿ ಬರೆಯಬಹುದಾ?

ಇಲ್ಲ. 2009ರ ಕಾನೂನು ಮಾಪನ ಕಾಯಿದೆಯ 11ನೇ ಕಲಮಿನ ಪ್ರಕಾರ ದರ ಹೇಳುವುದು, ಬಿಲ್ಲು, ದರಪಟ್ಟಿ ಎಲ್ಲ ಮೆಟ್ರಿಕ್ ಅಳತೆಯಲ್ಲೇ ಇರಬೇಕು. ಹಳೇ ಪುಸ್ತಕವನ್ನು ದಾಖಲೆಯಾಗಿ ನಕಲು ಮಾಡುವುದು ಬೇರೆ ವಿಷಯ, ಅದಕ್ಕೆ ಅಡ್ಡಿ ಇಲ್ಲ.

ಕೊನೆಗೆ ದಾಖಲೆಯಲ್ಲಿ ಏನೇನು ಉಳಿಸಬೇಕು? ಕಿಲೋ ಒಂದಿದ್ರೆ ಸಾಲದಾ?

ಸಾಲದು. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಮೂಲ ಬರಹ ಒಂದು ಕಾಲಂನಲ್ಲಿ ಇರಲೇಬೇಕು, ಗೆರೆ ಸಹಿತ. ಅದರ ಮೇಲೆ ಕಿಲೋ ಬರೆದು ಮೂಲ ಅಳಿಸಬೇಡಿ. ಯಾವ ಮಣ ಅಂತ ಹಿಡಿದಿರಿ ಅನ್ನುವುದು ಇನ್ನೊಂದು ಕಾಲಂ. ಯಾಕೆ ಹಾಗೆ ಹಿಡಿದಿರಿ ಅನ್ನುವುದು ಮತ್ತೊಂದು: "ಪುಟ 42ರ ರೈಲ್ವೆ ರಸೀದಿ", "ಮನೆಯ ಐದು ಸೇರಿನ ಕಲ್ಲು 1.39 ಕಿಲೋ ತೂಗಿತು", ಹೀಗೆ ಒಂದು ಸಾಲು ಸಾಕು. ತೂಕದಲ್ಲಿ ಬಾರದಾನ ಸೇರಿದೆಯೋ ಇಲ್ಲವೋ ಅದನ್ನೂ ಬರೆಯಿರಿ. ಗೊತ್ತಾಗದ ಸಾಲಿಗೆ ಕಿಲೋದ ಜಾಗ ಖಾಲಿ ಬಿಡಿ. ಮುಂದೆ ಯಾರಿಗಾದರೂ ಇನ್ನೊಂದು ರಸೀದಿ ಸಿಕ್ಕರೆ ಅವರು ಅದನ್ನು ತುಂಬುತ್ತಾರೆ.